ಅಣ್ಣನಿಗೆ ತಂಗಿಯ ವಕೀಲರ ನೋಟಿಸ್: ಪೇಟೆ ಮನೆಯ ಪಾಲು ಕೇಳಿದಾಗ ಮುಂದೇನು?

ಅಪ್ಪ ಕಟ್ಟಿಸಿದ ಮನೆ. ಮುಂದೆ ಎರಡು ಅಂಗಡಿ, ಹಿಂದೆ ವಾಸ. ಅಪ್ಪ ಹೋದ ಮೇಲೆ ಅಣ್ಣ ಅಲ್ಲೇ ಇದ್ದಾನೆ, ಖಾತೆ ಅವನ ಹೆಸರಿಗಾಗಿದೆ, ಅಂಗಡಿ ಬಾಡಿಗೆ ಅವನೇ ಇಸ್ಕೊಳ್ತಾನೆ. ಹೀಗೇ ಹತ್ತು ಹನ್ನೆರಡು ವರ್ಷ ಕಳೆದಿರುತ್ತದೆ. ಒಂದು ದಿನ ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಂಡು ದಪ್ಪ ಲಕೋಟೆ ಕೊಟ್ಟು ಹೋಗ್ತಾನೆ. ಒಳಗೆ ತಂಗಿಯ ಪರವಾಗಿ ವಕೀಲರು ಬರೆದ ನೋಟಿಸ್: 15 ದಿನದೊಳಗೆ ಪಾಲು ಕೊಡಿ, ಇಲ್ಲದಿದ್ದರೆ ದಾವೆ ಹೂಡುತ್ತೇವೆ.

ಪ್ರತಿ ತಾಲ್ಲೂಕು ಕೇಂದ್ರದ ಪೇಟೆ ಬೀದಿಗಳಲ್ಲೂ ಇಂಥ ಮನೆಗಳಿವೆ. ನೋಟಿಸ್ ಬಂದ ದಿನ ಆಗುವ ಕೂಗಾಟದಲ್ಲಿ ಎರಡು ವಿಷಯ ಮರೆತು ಹೋಗುತ್ತವೆ. ಒಂದು, ನೋಟಿಸ್ ಅಂದರೆ ಕೋರ್ಟಿನ ಆದೇಶ ಅಲ್ಲ. ಎರಡು, ಜಮೀನನ್ನು ಗುಂಟೆ ಲೆಕ್ಕದಲ್ಲಿ ಒಡೆದ ಹಾಗೆ ಪೇಟೆ ಮನೆಯನ್ನು ಒಡೆಯೋಕೆ ಆಗೋದಿಲ್ಲ. ಪಾಲು ಇದೆಯೋ ಇಲ್ಲವೋ ಅನ್ನುವುದು ಬಹಳ ಸಲ ಬೇಗ ತೀರ್ಮಾನವಾಗುವ ಪ್ರಶ್ನೆ. ಆ ಪಾಲನ್ನು ಕೈಗೆ ಕೊಡುವುದು ಹೇಗೆ ಅನ್ನುವುದೇ ನಿಜವಾದ ಕಗ್ಗಂಟು.

ಯಾರಿಗೆ ಎಷ್ಟು?

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. 30×40 ಅಡಿ ನಿವೇಶನ, ತಂದೆ ಸ್ವಂತ ದುಡಿಮೆಯಿಂದ ಕೊಂಡು ಮನೆ ಕಟ್ಟಿಸಿದ್ದು. ತಂದೆ 2011ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಉಳಿದವರು ತಾಯಿ, ಅಣ್ಣ, ತಮ್ಮ, ತಂಗಿ. ತಾಯಿ 2018ರಲ್ಲಿ ತೀರಿಕೊಂಡರು, ಅವರದೂ ವಿಲ್ ಇಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ತಂದೆ ತೀರಿಕೊಂಡ ದಿನವೇ ಮನೆ ನಾಲ್ಕು ಸಮ ಪಾಲಾಯಿತು. ತಾಯಿಗೆ ಕಾಲು, ಮೂವರು ಮಕ್ಕಳಿಗೆ ತಲಾ ಕಾಲು. ತಾಯಿ ತೀರಿಕೊಂಡಾಗ ಅವರ ಕಾಲು ಪಾಲು ಮೂವರು ಮಕ್ಕಳಿಗೆ ಸಮನಾಗಿ ಹಂಚಿ ಹೋಯಿತು. ಕೊನೆಗೆ ಮೂವರಿಗೂ ತಲಾ ಮೂರನೇ ಒಂದು ಪಾಲು. ಇದಕ್ಕೆ ಯಾರ ಸಹಿಯೂ ಬೇಕಿರಲಿಲ್ಲ, ಯಾವ ಕಚೇರಿಗೂ ಹೋಗಬೇಕಿರಲಿಲ್ಲ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಪಾಲಿನ ಲೆಕ್ಕ ಬೇರೆ. ಆದರೆ ಮುಂದೆ ಹೇಳುವ ನೋಟಿಸ್, ದಾವೆ, ಮನೆ ಒಡೆಯುವ ಕಷ್ಟ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ.

ಇಲ್ಲಿ ಅಣ್ಣಂದಿರು ಸಾಮಾನ್ಯವಾಗಿ ಹೇಳುವ ಮೂರು ಮಾತಿವೆ. "ಖಾತೆ ನನ್ನ ಹೆಸರಲ್ಲಿದೆ" ಅನ್ನೋದು ಮೊದಲನೆಯದು. ಪುರಸಭೆಯ ಖಾತೆ ಕಂದಾಯ ಯಾರಿಂದ ವಸೂಲಿ ಮಾಡಬೇಕು ಅನ್ನೋದಕ್ಕೆ ಇರುವ ದಾಖಲೆ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. "ಮದುವೆಗೆ ಅಷ್ಟು ಖರ್ಚು ಮಾಡಿದ್ವಿ, ಒಡವೆ ಹಾಕಿದ್ವಿ, ಅಲ್ಲಿಗೆ ಮುಗೀತು" ಅನ್ನೋದು ಎರಡನೆಯದು. ಮದುವೆ ಖರ್ಚಿನಿಂದ ಪಾಲು ಕರಗುವುದಿಲ್ಲ. ತಂಗಿ ಪಾಲು ಬಿಟ್ಟುಕೊಟ್ಟಿದ್ದರೆ ಅದು ನೋಂದಾಯಿತ ಹಕ್ಕು ಬಿಡುಗಡೆ ಪತ್ರದಲ್ಲಿ ಇರಬೇಕು. ಮನೆಯಲ್ಲಿ ಕೂತು ಬರೆಸಿದ ಬಿಳಿ ಹಾಳೆ ಸಾಲದು. "ಗಂಡುಮಕ್ಕಳು ಒಪ್ಪೋವರೆಗೂ ಹೆಣ್ಣುಮಕ್ಕಳು ವಾಸದ ಮನೆಯಲ್ಲಿ ಪಾಲು ಕೇಳೋ ಹಾಗಿಲ್ಲ" ಅನ್ನೋದು ಮೂರನೆಯದು. ಇದು ಹಿಂದೆ ನಿಜವಾಗಿಯೂ ಕಾನೂನಾಗಿತ್ತು, ಅದೇ ಕಾಯ್ದೆಯ 23ನೇ ಕಲಂನಲ್ಲಿ. 2005ರ ತಿದ್ದುಪಡಿಯಲ್ಲಿ ಆ ಕಲಂ ತೆಗೆದುಹಾಕಿ ಇಪ್ಪತ್ತು ವರ್ಷವಾಯಿತು. ಆದರೂ ಜಗಲಿ ಕಟ್ಟೆ ಪಂಚಾಯ್ತಿಗಳಲ್ಲಿ ಅದು ಇನ್ನೂ ಬದುಕಿದೆ.

ತಂದೆ ವಿಲ್ ಬರೆದಿಟ್ಟಿದ್ದರೆ ಮಾತ್ರ ಈ ಲೆಕ್ಕವೆಲ್ಲ ಬದಲಾಗುತ್ತದೆ. ಅದಕ್ಕೂ ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ಕೋರ್ಟಿನಲ್ಲಿ ಅವರಲ್ಲಿ ಒಬ್ಬರ ಮೂಲಕವಾದರೂ ಅದನ್ನು ರುಜುವಾತು ಮಾಡಬೇಕು. ಇನ್ನು ಮನೆ ತಂದೆಯ ಸ್ವಂತದ್ದಲ್ಲ, ತಾತನ ಕಾಲದ ಪಿತ್ರಾರ್ಜಿತ ಅಂತಾದರೆ ಲೆಕ್ಕ ಹಾಕುವ ದಾರಿ ಬೇರೆಯಾಗುತ್ತದೆ. ಅಲ್ಲೂ ಮಗಳಿಗೆ ಮಗನಷ್ಟೇ ಹಕ್ಕು ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತಪಡಿಸಿದೆ.

ನೋಟಿಸ್‌ನಲ್ಲಿ ಇರುವ ಮಾತುಗಳ ಅರ್ಥ

ನೋಟಿಸ್ ಒಂದು ಅಚ್ಚಿನಲ್ಲಿ ಇರುತ್ತದೆ. "ನನ್ನ ಕಕ್ಷಿದಾರರ ಸೂಚನೆ ಮೇರೆಗೆ" ಅಂತ ಶುರುವಾಗಿ ವಂಶವೃಕ್ಷ, ಮನೆ ಬಂದ ಬಗೆ, ಪಾಲಿನ ಲೆಕ್ಕ, ಪಾಲು ಕೇಳಿದಾಗ ಅಣ್ಣ ಮುಂದೂಡಿದ್ದು, ಕೊನೆಗೆ ಬೇಡಿಕೆ. ಕೆಳಗೆ ಷೆಡ್ಯೂಲ್ ಅಂತ ಖಾತೆ ನಂಬರ್, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ.

ಖಾಸಗಿ ವ್ಯಕ್ತಿಗಳ ನಡುವಿನ ಪಾಲು ದಾವೆಗೆ ಮುಂಚೆ ನೋಟಿಸ್ ಕೊಡಲೇಬೇಕು ಅಂತ ಕಾನೂನಿಲ್ಲ. ಆದರೂ ಕೊಡುವುದಕ್ಕೆ ಕಾರಣವಿದೆ. ಪಾಲು ಕೇಳಿದ್ದು ಇಂಥ ದಿನ ಅಂತ ಕಾಗದದ ಮೇಲೆ ಬರುತ್ತದೆ. ಬಾಡಿಗೆ ಲೆಕ್ಕ ಕೇಳಿದ್ದಕ್ಕೂ ದಾಖಲೆಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಣ್ಣ ಏನು ಹೇಳ್ತಾನೆ ಅನ್ನೋದು ದಾವೆ ಹೂಡುವ ಮೊದಲೇ ಲಿಖಿತವಾಗಿ ಸಿಗುತ್ತದೆ.

ಓದಿದ ಕೂಡಲೇ ಅಣ್ಣನಿಗೆ ಕೋಪ ಬರಿಸುವ ಒಂದು ಸಾಲು ಇರುತ್ತದೆ: "ಸದರಿ ಸ್ವತ್ತು ಎಲ್ಲರ ಜಂಟಿ ಸ್ವಾಧೀನ ಮತ್ತು ಅನುಭವದಲ್ಲಿದೆ." ತಂಗಿ ಹದಿನೈದು ವರ್ಷದಿಂದ ಗಂಡನ ಊರಲ್ಲಿದ್ದಾಳೆ, ಜಂಟಿ ಸ್ವಾಧೀನ ಎಲ್ಲಿಂದ ಬಂತು, ಇದು ಸುಳ್ಳು ಅಂತ ಅವನ ವಾದ. ಆದರೆ ಕಾನೂನಿನ ದೃಷ್ಟಿಯಲ್ಲಿ ಒಬ್ಬ ಪಾಲುದಾರ ಮನೆಯಲ್ಲಿದ್ದರೆ ಅವನು ಎಲ್ಲ ಪಾಲುದಾರರ ಪರವಾಗಿ ಇದ್ದ ಹಾಗೆ. ಈ ಸಾಲಿಗೆ ಹಣದ ಲೆಕ್ಕವೂ ಇದೆ. ಕರ್ನಾಟಕದ ನ್ಯಾಯಾಲಯ ಶುಲ್ಕ ಕಾಯ್ದೆಯ 35ನೇ ಕಲಂ ಪ್ರಕಾರ ಜಂಟಿ ಸ್ವಾಧೀನದಲ್ಲಿರುವವರು ಪಾಲು ಕೇಳಿದರೆ ನಿಗದಿ ಶುಲ್ಕ ಸಾಕು. ಪಾಲಿನ ಬೆಲೆ ಎಷ್ಟೇ ಲಕ್ಷವಾದರೂ ಅದು 200 ರೂಪಾಯಿ. ಸ್ವಾಧೀನದಿಂದ ಹೊರಗೆ ಹಾಕಲ್ಪಟ್ಟವರಾದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಕಟ್ಟಬೇಕು. ಆದ್ದರಿಂದ ವಕೀಲರು ಆ ಸಾಲನ್ನು ಬಿಡುವುದಿಲ್ಲ.

ಉತ್ತರದಲ್ಲಿ ಆಗುವ ಎಡವಟ್ಟು

ನೋಟಿಸ್ ತಗೊಳ್ಳದೆ ವಾಪಸ್ ಕಳಿಸಿಬಿಟ್ಟರೆ ಆಯ್ತು ಅಂತ ಕೆಲವರು ಅಂದ್ಕೊಳ್ತಾರೆ. ಸರಿಯಾದ ವಿಳಾಸಕ್ಕೆ ಬಂದ ಅಂಚೆಯನ್ನು "ನಿರಾಕರಿಸಿದರು" ಅಂತ ಬರೆದು ಹಿಂದಿರುಗಿಸಿದರೆ ಅದು ತಲುಪಿದೆ ಅಂತಲೇ ಕೋರ್ಟ್ ಭಾವಿಸುತ್ತದೆ. ಸುಮ್ಮನಿದ್ದ ಮಾತ್ರಕ್ಕೆ ಎಲ್ಲವನ್ನೂ ಒಪ್ಪಿದ ಹಾಗಲ್ಲ, ಆದರೆ ಮುಂದೆ ಹೊಸ ತಕರಾರು ತೆಗೆದಾಗ "ಆಗಲೇ ಯಾಕೆ ಹೇಳಲಿಲ್ಲ" ಅನ್ನೋ ಪ್ರಶ್ನೆ ಬರುತ್ತದೆ.

ಇನ್ನೊಂದು ಕಡೆಯ ಎಡವಟ್ಟು ಇದಕ್ಕಿಂತ ದೊಡ್ಡದು. ಸಿಟ್ಟಿನಲ್ಲಿ "ನಿಮ್ಮ ಕಕ್ಷಿದಾರರಿಗೆ ಈ ಮನೆಯಲ್ಲಿ ಯಾವ ಹಕ್ಕೂ ಇಲ್ಲ" ಅಂತ ಉತ್ತರ ಬರೆಸುವುದು. ವಿಲ್ ಅಥವಾ ನೋಂದಾಯಿತ ಬಿಡುಗಡೆ ಪತ್ರ ಕೈಯಲ್ಲಿಲ್ಲದೆ ಹೀಗೆ ಬರೆದರೆ ಆ ಕಾಗದವೇ ಮುಂದೆ ತಂಗಿಯ ಕಡೆಯ ದಾಖಲೆಯಾಗಿ ಕೋರ್ಟಿಗೆ ಬರುತ್ತದೆ. ರಾಜಿಗೆ ಇದ್ದ ಬಾಗಿಲೂ ಅಲ್ಲಿಗೆ ಅರ್ಧ ಮುಚ್ಚುತ್ತದೆ.

ತಂಗಿಗೂ ಇಲ್ಲಿ ಒಂದು ಎಚ್ಚರಿಕೆ ಇದೆ. ಅಣ್ಣ ಬರೀ ಮನೆಯಲ್ಲಿ ವಾಸ ಮಾಡಿಕೊಂಡಿದ್ದರೆ ಎಷ್ಟು ವರ್ಷವಾದರೂ ಅವಳ ಪಾಲು ಅವನದಾಗುವುದಿಲ್ಲ. ಆದರೆ "ನಿನಗೆ ಹಕ್ಕಿಲ್ಲ" ಅಂತ ಬಹಿರಂಗವಾಗಿ ನಿರಾಕರಿಸಿದ ದಿನದಿಂದ 12 ವರ್ಷದ ಕಾಲಮಿತಿ ಓಡತೊಡಗುತ್ತದೆ ಅಂತ ವಾದಿಸಲು ದಾರಿಯಾಗುತ್ತದೆ. ಅಂಥ ಉತ್ತರ ಬಂದ ಮೇಲೆ "ಅಣ್ಣನೇ ತಾನೆ, ನೋಡೋಣ" ಅಂತ ಕಾಗದ ಬೀರುವಿಗೆ ಹಾಕಿಡುವುದು ಒಳ್ಳೆಯದಲ್ಲ.

ಒಳ್ಳೆಯ ಉತ್ತರ ಚಿಕ್ಕದಾಗಿರುತ್ತದೆ. ಸಂಬಂಧ, ಮನೆ ಬಂದ ಬಗೆ ಒಪ್ಪುವುದಿದ್ದರೆ ಒಪ್ಪುವುದು. ವಿಲ್ ಇದ್ದರೆ ಅದರ ಪ್ರತಿ ಲಗತ್ತಿಸುವುದು. ಮನೆಗೆ ಹಾಕಿದ ಖರ್ಚು, ಕಟ್ಟಿದ ಕಂದಾಯ, ತೀರಿಸಿದ ಸಾಲದ ವಿವರ ಕೊಡುವುದು. ಮನೆಯನ್ನು ಯಾವ ರೀತಿ ಹಂಚಬಹುದು ಅಂತ ಒಂದು ಸಲಹೆ ಮುಂದಿಡುವುದು.

ಬಾಡಿಗೆ ಯಾರದು?

ಉದಾಹರಣೆಯ ಮನೆಯ ಎರಡು ಅಂಗಡಿಗೆ ತಿಂಗಳಿಗೆ ತಲಾ 6,000 ರೂಪಾಯಿ ಬಾಡಿಗೆ ಅಂತಿಟ್ಟುಕೊಳ್ಳೋಣ. ವರ್ಷಕ್ಕೆ 1,44,000. ಇದರಲ್ಲಿ ಕಂದಾಯ, ನೀರಿನ ತೆರಿಗೆ, ಶಟರ್ ಮತ್ತು ಛಾವಣಿ ರಿಪೇರಿ ಅಂತ 24,000 ಹೋದರೆ ಉಳಿಯುವುದು 1,20,000. ಮೂರು ಪಾಲು ಮಾಡಿದರೆ ತಲಾ 40,000. ಬಾಡಿಗೆ ಇಸ್ಕೊಂಡವನು ಉಳಿದಿಬ್ಬರಿಗೆ ಈ ಲೆಕ್ಕ ಕೊಡಬೇಕು. ಹಿಂದಿನ ಎಲ್ಲ ವರ್ಷಗಳದ್ದೂ ಸಿಗುವುದಿಲ್ಲ. ಸಾಮಾನ್ಯವಾಗಿ ದಾವೆಗೆ ಹಿಂದಿನ ಮೂರು ವರ್ಷ ಮತ್ತು ದಾವೆ ನಡೆಯುವ ಅವಧಿಯದ್ದು ಕೇಳುತ್ತಾರೆ. ಅಣ್ಣ ಕೈಯಿಂದ ಹಾಕಿದ ಖರ್ಚನ್ನು ಕಳೆಯಿರಿ ಅಂತ ಕೇಳಬಹುದು, ಆದರೆ ರಸೀದಿ ಬೇಕು. "ಮೋಲ್ಡ್ ಹಾಕಿಸಿದ್ದು ನಾನೇ, ಊರಿಗೆಲ್ಲ ಗೊತ್ತು" ಅಂದರೆ ಕೋರ್ಟಿನಲ್ಲಿ ಅಷ್ಟು ನಿಲ್ಲೋದಿಲ್ಲ.

ಅಂಗಡಿ ಇಟ್ಟವರ ಪರಿಸ್ಥಿತಿ ಇಲ್ಲಿ ಸೂಕ್ಷ್ಮ. ಅಣ್ಣ ಬಂದು ಬಾಡಿಗೆ ಕೇಳ್ತಾನೆ, ತಂಗಿ ಫೋನ್ ಮಾಡಿ ಅವನಿಗೆ ಕೊಡಬೇಡಿ ಅಂತಾಳೆ. ಪಾಲು ಜಗಳ ಬಂತು ಅಂದ ಮಾತ್ರಕ್ಕೆ ಬಾಡಿಗೆದಾರ ಅಂಗಡಿ ಖಾಲಿ ಮಾಡಬೇಕಿಲ್ಲ. ಮನೆ ಹಂಚಿಕೆಯಾದರೆ ಆ ಅಂಗಡಿ ಯಾರ ಪಾಲಿಗೆ ಬರುತ್ತದೋ ಅವರು ಹೊಸ ಮಾಲೀಕರಾಗುತ್ತಾರೆ, ಬಾಡಿಗೆ ಕರಾರು ಅವರ ಜೊತೆ ಮುಂದುವರಿಯುತ್ತದೆ. ಅಲ್ಲಿವರೆಗೆ ಮಳಿಗೆ ಬಾಡಿಗೆಗೆ ಕೊಟ್ಟವರಿಗೇ ಕೊಡುವುದು, ನಗದಿನ ಬದಲು ಬ್ಯಾಂಕ್ ಮೂಲಕ ಕೊಡುವುದು, ಬೇರೆಯವರು ಕೇಳಿದರೆ "ಮೂವರೂ ಸಹಿ ಮಾಡಿದ ಪತ್ರ ಅಥವಾ ಕೋರ್ಟ್ ಆದೇಶ ತನ್ನಿ" ಅನ್ನುವುದು ಸುರಕ್ಷಿತ. ಮುಂಗಡವಾಗಿ ಕೊಟ್ಟ ಹಣಕ್ಕೆ ಕರಾರು ಪತ್ರ ಇಲ್ಲದವರು ಈಗಲೇ ಒಂದು ಬರಹ ಮಾಡಿಸಿಕೊಳ್ಳಬೇಕು. ಮಾಲೀಕರು ಬದಲಾದ ಮೇಲೆ ಅಡ್ವಾನ್ಸ್ ವಿಷಯದಲ್ಲೇ ಹೆಚ್ಚು ತಕರಾರು ಬರುವುದು.

ಮನೆ ಒಡೆಯೋದು ಹೇಗೆ?

ಈಗ ಮುಖ್ಯ ಪ್ರಶ್ನೆ. 30 ಅಡಿ ಅಗಲವನ್ನು ಮೂರು ಮಾಡಿದರೆ ತಲಾ 10 ಅಡಿ ಅಗಲ, 40 ಅಡಿ ಉದ್ದದ ಓಣಿ ಸಿಗುತ್ತದೆ. ಒಬ್ಬನ ಪಾಲಿಗೆ ಮೆಟ್ಟಿಲು, ಇನ್ನೊಬ್ಬನ ಪಾಲಿಗೆ ಬಚ್ಚಲು. ಗೋಡೆ ಒಡೆದರೆ ಛಾವಣಿಗೆ ಆಧಾರ ಇಲ್ಲ. ಮನೆಯ ಬೆಲೆ 48 ಲಕ್ಷ ಇದ್ದರೆ ಮೂರು ತುಂಡಾದ ಮೇಲೆ ಮೂರನ್ನೂ ಸೇರಿಸಿದರೂ ಅಷ್ಟು ಬರಲ್ಲ.

ಹಾಗಾಗಿ ಮೂರು ದಾರಿ ಉಳಿಯುತ್ತವೆ. ಹೊರಗಿನವರಿಗೆ ಮಾರಿ ತಲಾ 16 ಲಕ್ಷ ತಗೊಳ್ಳುವುದು ಒಂದು. ಆಗ ಅಣ್ಣ ಮನೆ ಬಿಡಬೇಕು. ಅಣ್ಣನೇ ಉಳಿದಿಬ್ಬರ ಪಾಲು ಕೊಳ್ಳುವುದು ಎರಡನೆಯದು. ಅದಕ್ಕೆ 32 ಲಕ್ಷ ಹೊಂದಿಸಬೇಕು. ತಮ್ಮನಿಗೆ ಅವಸರ ಇಲ್ಲದಿದ್ದರೆ ಸದ್ಯಕ್ಕೆ ತಂಗಿಯ 16 ಲಕ್ಷ ಮಾತ್ರ.

ಮೂರನೆಯ ದಾರಿಯನ್ನು ಬಹಳ ಮನೆಗಳಲ್ಲಿ ಯೋಚನೆಯೇ ಮಾಡುವುದಿಲ್ಲ. ಮನೆಯನ್ನು ಅಡಿ ಲೆಕ್ಕದಲ್ಲಿ ನೋಡದೆ ಬೆಲೆ ಲೆಕ್ಕದಲ್ಲಿ ನೋಡುವುದು. ಬೀದಿಗೆ ಮುಖ ಮಾಡಿದ ಎರಡು ಅಂಗಡಿ ಜಾಗಕ್ಕೆ ತಲಾ 10 ಲಕ್ಷ, ಹಿಂದಿನ ವಾಸದ ಭಾಗಕ್ಕೆ 28 ಲಕ್ಷ ಬೆಲೆ ಕಟ್ಟಿದರು ಅಂತಿಟ್ಟುಕೊಳ್ಳೋಣ. ತಂಗಿಗೆ ಒಂದು ಅಂಗಡಿ, ಮೇಲೆ 6 ಲಕ್ಷ ನಗದು. ತಮ್ಮನಿಗೆ ಇನ್ನೊಂದು ಅಂಗಡಿ, 6 ಲಕ್ಷ ನಗದು. ಅಣ್ಣನಿಗೆ ವಾಸದ ಮನೆ. ಅವನು ಕೊಡಬೇಕಾದ್ದು 12 ಲಕ್ಷ. ಮೂವರ ಲೆಕ್ಕವೂ 16 ಲಕ್ಷಕ್ಕೆ ಬಂತು. ಅಣ್ಣ ಮನೆ ಬಿಡಬೇಕಿಲ್ಲ, 32 ಲಕ್ಷದ ಬದಲು 12 ಲಕ್ಷ ಹುಡುಕಿದರೆ ಸಾಕು. ತಂಗಿ, ತಮ್ಮನಿಗೆ ಬಾಡಿಗೆ ಬರುವ ಆಸ್ತಿ ಉಳಿಯಿತು. ಪಾಲು ಸಮ ಮಾಡಲು ಹೀಗೆ ಹಣ ಕೊಡಿಸುವುದನ್ನು ಕೋರ್ಟ್ ಕೂಡ ಮಾಡುತ್ತದೆ.

ಇದು ಕಾಗದಕ್ಕೆ ಇಳಿಯುವಾಗ ಎಡವುವುದು ಸಣ್ಣ ವಿಷಯಗಳಲ್ಲಿ. ಎರಡು ಅಂಗಡಿ ತಲಾ 12 ಅಡಿ ಅಗಲ, ನಡುವೆ 6 ಅಡಿ ದಾರಿ ಅಂತಿದ್ದರೆ ಆ ದಾರಿ ಯಾರದು, ಯಾರು ಓಡಾಡಬಹುದು, ಅಲ್ಲಿ ಬೈಕ್ ನಿಲ್ಲಿಸಬಹುದೇ ಅನ್ನೋದು ವಿಭಾಗ ಪತ್ರದಲ್ಲಿ ಬರೆದಿರಬೇಕು. ಅಂಗಡಿ ಮೇಲಿನ ಛಾವಣಿಯಲ್ಲಿ ಮುಂದೆ ಮಹಡಿ ಕಟ್ಟುವ ಹಕ್ಕು ಯಾರಿಗೆ? ಹಿಂದಿನ ಮನೆಯ ಚರಂಡಿ ಅಂಗಡಿ ಕೆಳಗೆ ಹಾದು ಹೋಗುತ್ತಿದ್ದರೆ ಅದು ಕಟ್ಟಿಕೊಂಡಾಗ ಅಗೆಯಲು ಬಿಡಬೇಕೇ? ನಲ್ಲಿ ಸಂಪರ್ಕ, ಕರೆಂಟಿನ ಆರ್.ಆರ್. ನಂಬರ್ ಯಾರ ಹೆಸರಿಗೆ? ಪಾಲಾಗಿ ಐದು ವರ್ಷದ ಮೇಲೆ ಮಕ್ಕಳ ಕಾಲದಲ್ಲಿ ಮತ್ತೆ ಕೋರ್ಟಿಗೆ ಹೋಗುವುದು ಇವೇ ವಿಷಯಕ್ಕೆ.

ಒಪ್ಪಿಗೆಯಾದರೆ ವಿಭಾಗ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಕುಟುಂಬದವರ ನಡುವಿನ ವಿಭಾಗಕ್ಕೆ ಕ್ರಯಪತ್ರದ ಹಾಗೆ ಬೆಲೆಯ ಮೇಲೆ ಮುದ್ರಾಂಕ ಶುಲ್ಕ ಇಲ್ಲ, ಪಾಲಿಗೆ ಇಷ್ಟು ಅಂತ ನಿಗದಿ ಶುಲ್ಕ. ಸಹಿ ಮಾಡುವ ಮೊದಲೇ ಪುರಸಭೆಯಲ್ಲಿ ಇಷ್ಟು ಚಿಕ್ಕ ಭಾಗಗಳಿಗೆ ಬೇರೆ ಬೇರೆ ಖಾತೆ ಮಾಡಿಕೊಡುತ್ತಾರೆಯೇ ಅಂತ ವಿಚಾರಿಸುವುದು ಒಳ್ಳೆಯದು. ನೋಂದಣಿ ಆಗಿ ಖಾತೆ ಆಗದಿದ್ದರೆ ಮುಂದೆ ಮಾರಾಟಕ್ಕೂ ಸಾಲಕ್ಕೂ ತೊಂದರೆ.

ಕೋರ್ಟಿಗೆ ಹೋದರೆ

ಒಪ್ಪಿಗೆಯಾಗದೆ ತಂಗಿ ದಾವೆ ಹೂಡಿದರೆ ಮೊದಲು ಯಾರಿಗೆ ಎಷ್ಟು ಪಾಲು ಅಂತ ಪ್ರಾಥಮಿಕ ಡಿಕ್ರಿ ಆಗುತ್ತದೆ. ಜನ ಇದನ್ನೇ ಗೆಲುವು ಅಂದುಕೊಂಡು ಸಿಹಿ ಹಂಚಿಬಿಡುತ್ತಾರೆ. ಆದರೆ ಆ ಕಾಗದದಿಂದ ಒಂದು ಕೋಣೆಯ ಬೀಗದ ಕೈಯೂ ಸಿಗುವುದಿಲ್ಲ. ಆಮೇಲೆ ಅಂತಿಮ ಡಿಕ್ರಿಯ ಕಲಾಪ ನಡೆಯಬೇಕು, ಕೋರ್ಟ್ ನೇಮಿಸಿದ ಕಮಿಷನರ್ ಮನೆಗೆ ಬಂದು ಅಳೆದು ಹೇಗೆ ಹಂಚಬಹುದು ಅಂತ ವರದಿ ಕೊಡಬೇಕು.

ಹಂಚಲು ಆಗಲ್ಲ ಅಂತ ವರದಿ ಬಂದರೆ 1893ರ ವಿಭಾಗ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಮನೆ ಮಾರಿ ಹಣ ಹಂಚಿ ಅಂತ ಕೇಳಲು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಇರುವವರು ಮುಂದೆ ಬರಬೇಕು. ತಂಗಿಯ ಮೂರನೇ ಒಂದು ಪಾಲು ಇದಕ್ಕೆ ಸಾಲದು. ತಮ್ಮನೂ ಜೊತೆಯಾದರೆ ಮೂರನೇ ಎರಡು ಆಗುತ್ತದೆ, ಆಗ ಕೇಳಬಹುದು. ಅಂದರೆ ನೋಟಿಸ್ ಅಣ್ಣ ತಂಗಿಯ ನಡುವೆ ಇದ್ದರೂ ತಕ್ಕಡಿಯ ಮುಳ್ಳು ಇರುವುದು ಬೆಂಗಳೂರಿನಲ್ಲಿ ಕೂತು ಯಾರ ಕಡೆಗೂ ಮಾತಾಡದ ತಮ್ಮನ ಕೈಯಲ್ಲಿ. ಅವರಿಬ್ಬರೂ ಮಾರಾಟ ಕೇಳಿದರೂ ಅಣ್ಣನಿಗೆ ಒಂದು ರಕ್ಷಣೆ ಇದೆ: ಕೋರ್ಟ್ ಕಟ್ಟಿಸಿದ ಬೆಲೆಗೆ ಅವರ ಪಾಲನ್ನು ನಾನೇ ಕೊಳ್ಳುತ್ತೇನೆ ಅಂತ ಅವನು ಅರ್ಜಿ ಹಾಕಬಹುದು. ಆ ಹಣ ಹೊಂದಿಸಲು ಆಗದಿದ್ದರೆ ಮಾತ್ರ ಮನೆ ಹರಾಜಿಗೆ ಹೋಗುತ್ತದೆ.

ಈ ನಡುವೆ ಅಣ್ಣ ಮನೆ ಮಾರಿಬಿಟ್ಟರೆ ಅನ್ನೋ ಭಯ ತಂಗಿಗೆ ಇರುತ್ತದೆ. ಬರೀ ನೋಟಿಸ್‌ನಿಂದ ನೋಂದಣಿ ನಿಲ್ಲುವುದಿಲ್ಲ. ದಾವೆ ಹೂಡಿ ಮಾರಾಟಕ್ಕೆ ತಡೆಯಾಜ್ಞೆ ಕೇಳಬೇಕು. ದಾವೆ ನಡೆಯುತ್ತಿರುವಾಗ ಯಾರೇ ಕೊಂಡರೂ ಕೊನೆಯ ತೀರ್ಪಿಗೆ ಅವರು ಬದ್ಧರು. ದಾವೆ ಇಲ್ಲದಿದ್ದಾಗಲೂ ಅಣ್ಣ ಮಾರಬಹುದಾದ್ದು ತನ್ನ ಮೂರನೇ ಒಂದು ಪಾಲನ್ನು ಮಾತ್ರ. ಪೇಟೆ ಬೀದಿಯಲ್ಲಿ ಮನೆ ಕೊಳ್ಳುವವರು ಖಾತೆ ಮತ್ತು ಇ.ಸಿ. ನೋಡಿ ತೃಪ್ತಿಪಡದೆ ವಂಶವೃಕ್ಷ ಕೇಳಿ, ಎಲ್ಲ ಅಕ್ಕತಂಗಿಯರ ಸಹಿ ಇದೆಯೇ ಅಂತ ನೋಡಬೇಕಾದ್ದು ಇದಕ್ಕೇ.

ದಾವೆಗೆ ಮುಂಚೆಯೇ ಕೂತು ಮಾತಾಡಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅವಕಾಶ ಇದೆ. ಅದರ ಕಚೇರಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಹೋಗುವಾಗ ತಂದೆಯ ಕ್ರಯಪತ್ರ, ತಂದೆ ತಾಯಿಯ ಮರಣ ಪ್ರಮಾಣಪತ್ರ, ವಂಶವೃಕ್ಷ, ಖಾತೆ ನಕಲು, ಇ.ಸಿ., ಅಂಗಡಿಗಳ ಬಾಡಿಗೆ ಕರಾರು ಮತ್ತು ಮನೆಯ ಕೈನಕ್ಷೆ ಒಂದು ತಗೊಂಡು ಹೋದರೆ ಮಾತು "ನಿನಗೆ ಹಕ್ಕಿದೆಯಾ" ಅನ್ನೋದರಿಂದ "ಯಾವ ಭಾಗ ಯಾರಿಗೆ, ಎಷ್ಟು ಹಣ, ಯಾವಾಗ" ಅನ್ನೋದಕ್ಕೆ ಮೊದಲ ದಿನವೇ ಬರುತ್ತದೆ.